ದೊಡ್ಡ ಘಾತದ ಶೇಷ ತಪ್ಪಿದಾಗ: ಎಲ್ಲಿ ಎಡವಿದ್ದೀರಿ ಎಂದು ಪತ್ತೆ ಹಚ್ಚುವ ಬಗೆ

38⁷⁷ ಅನ್ನು 45ರಿಂದ ಭಾಗಿಸಿದರೆ ಶೇಷ ಎಷ್ಟು? 38⁷⁷ ಎಂದರೆ 122 ಅಂಕಿಗಳ ಸಂಖ್ಯೆ. ಅದನ್ನು ಗುಣಿಸಿ ಬರೆದು ಆಮೇಲೆ ಭಾಗಿಸಲಿ ಎಂದು ಪ್ರಶ್ನೆ ಕೊಟ್ಟವರೂ ಬಯಸಿರುವುದಿಲ್ಲ. ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಶೇಷಗಳು ಸ್ವಲ್ಪ ಹೊತ್ತಿಗೆ ಒಂದು ಸುತ್ತಿಗೆ ಬೀಳುತ್ತವೆ. ಆ ಸುತ್ತು ಎಷ್ಟು ಉದ್ದ, ನಮ್ಮ ಘಾತಾಂಕ ಅದರಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದರೆ ಕೆಲಸ ಮುಗಿಯಿತು.

ವಿಧಾನ ಇಷ್ಟೇ ಆದರೂ ಉತ್ತರ ತಪ್ಪುವುದು ಬಹಳ. ಆದರೆ ತಪ್ಪುಗಳ ಬಗೆ ಕೆಲವೇ, ಒಂದೊಂದೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಇಲ್ಲಿ ಆ ಗುರುತುಗಳನ್ನು ಹಿಡಿದೇ ಹೋಗಿದ್ದೇನೆ. ಮೊದಲು ಅರ್ಧ ನಿಮಿಷದಲ್ಲಿ ಆಗುವ ತಪಾಸಣೆ, ಆಮೇಲೆ ಕಾಗದ ಪೆನ್ನು ಬೇಡುವಂಥವು. ನಿಮ್ಮ ಉತ್ತರ ಮೊದಲ ತಪಾಸಣೆಯಲ್ಲೇ ಬಿದ್ದುಹೋದರೆ ಮುಂದಿನದಕ್ಕೆ ಹೋಗಬೇಡಿ, ಲೆಕ್ಕಕ್ಕೇ ವಾಪಸ್ ಹೋಗಿ.

ಲಕ್ಷಣ: ಉತ್ತರ ನೋಡಿದ ಕೂಡಲೇ ಏನೋ ಸರಿಯಿಲ್ಲ ಅನಿಸುತ್ತದೆ

ಶೇಷ ಭಾಜಕಕ್ಕಿಂತ ದೊಡ್ಡದಾಗಿ ಬಂದಿದೆ, ಅಥವಾ ಋಣ ಸಂಖ್ಯೆಯಾಗಿ ಬಂದಿದೆ. ಇದು ನಿಜವಾದ ದೋಷವಲ್ಲ, ಕೊನೆಯ ಹೆಜ್ಜೆ ಬಾಕಿ ಉಳಿದಿದೆ ಅಷ್ಟೇ. 45ರ ಲೆಕ್ಕದಲ್ಲಿ −22 ಬಂದರೆ ಒಂದು 45 ಕೂಡಿಸಿ, 23 ಆಗುತ್ತದೆ. 68 ಬಂದರೆ ಒಂದು 45 ಕಳೆಯಿರಿ, ಅದೇ 23. ಲೆಕ್ಕದ ನಡುವೆ ಋಣ ಶೇಷ ಬಳಸುವುದು ಒಳ್ಳೆಯ ಅಭ್ಯಾಸವೇ. 38ರ ಬದಲು −7 ಇಟ್ಟುಕೊಂಡರೆ ಗುಣಾಕಾರ ಹಗುರಾಗುತ್ತದೆ. ಉತ್ತರ ಬರೆಯುವಾಗ ಮಾತ್ರ 0ಯಿಂದ 44ರ ಒಳಗೆ ತನ್ನಿ.

ಇನ್ನೊಂದು ತಪಾಸಣೆ ಇದಕ್ಕಿಂತ ಹರಿತ, ಆದರೂ ಬಳಸುವವರು ಕಡಿಮೆ. ಆಧಾರ ಸಂಖ್ಯೆಗೂ ಭಾಜಕಕ್ಕೂ ಯಾವುದಾದರೂ ಸಾಮಾನ್ಯ ಅಪವರ್ತನ ಇದ್ದರೆ, ಶೇಷವೂ ಅದರಿಂದ ಭಾಗವಾಗಲೇಬೇಕು. 6ರ ಯಾವುದೇ ಘಾತವನ್ನು 15ರಿಂದ ಭಾಗಿಸಿ, ಶೇಷ 3ರ ಅಪವರ್ತ್ಯವೇ ಆಗಿರುತ್ತದೆ. 7 ಬಂತು ಎಂದರೆ ಲೆಕ್ಕ ತಪ್ಪಿದೆ, ಚರ್ಚೆಯೇ ಬೇಡ. ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ನಿಯಮ ತಿರುಗುತ್ತದೆ: ಶೇಷಕ್ಕೂ ಭಾಜಕಕ್ಕೂ ಸಾಮಾನ್ಯ ಅಪವರ್ತನ ಇರುವಂತಿಲ್ಲ. 38 ಎಂದರೆ 2 × 19, 45 ಎಂದರೆ 3 × 3 × 5. ಹಾಗಾಗಿ 38⁷⁷ರ ಶೇಷ 3ರ ಅಪವರ್ತ್ಯವೂ ಅಲ್ಲ, 5ರ ಅಪವರ್ತ್ಯವೂ ಅಲ್ಲ. ಆಯ್ಕೆಗಳಲ್ಲಿ 5, 18, 23, 30 ಎಂದು ಕೊಟ್ಟಿದ್ದರೆ ಒಂದು ಗುಣಾಕಾರವನ್ನೂ ಮಾಡದೆ 23 ಎಂದು ಹೇಳಬಹುದು. ಪ್ರಶ್ನೆ ತಯಾರಿಸುವವರು ಸಾಮಾನ್ಯವಾಗಿ ಇಷ್ಟು ಉದಾರಿಗಳಲ್ಲ, ಆದರೂ ಒಂದೋ ಎರಡೋ ಆಯ್ಕೆ ಹೀಗೆ ಉದುರಿ ಹೋಗುವುದುಂಟು.

ಲಕ್ಷಣ: ಬಿಡಿ ಸ್ಥಾನದ ಅಂಕಿ ಸರಿಯಾಗಿದೆ, ಶೇಷ ಮಾತ್ರ ತಪ್ಪು

ಅತಿ ಹೆಚ್ಚು ಕಾಣುವ ದೋಷ ಇದು. 2⁴⁰ ಅನ್ನು 7ರಿಂದ ಭಾಗಿಸಿದಾಗ ಶೇಷ ಕೇಳಿದ್ದಾರೆ ಎನ್ನಿ. 2ರ ಘಾತಗಳ ಬಿಡಿ ಅಂಕಿಗಳು 2, 4, 8, 6 ಎಂದು ಸುತ್ತುತ್ತವೆ ಎಂಬುದು ಎಲ್ಲರಿಗೂ ಬಾಯಿಪಾಠ. 40 ನಾಲ್ಕರಿಂದ ಪೂರ್ತಿ ಭಾಗವಾಗುತ್ತದೆ, ಹಾಗಾಗಿ ಕೊನೆಯ ಅಂಕಿ 6. ಇಲ್ಲಿವರೆಗೆ ಎಲ್ಲ ಸರಿ. ತಕ್ಷಣ "ಶೇಷ 6" ಎಂದು ಬರೆದುಬಿಡುತ್ತಾರೆ.

2⁴⁰ ಅಷ್ಟೇನೂ ದೊಡ್ಡದಲ್ಲ, ಪೂರ್ತಿ ಬರೆದೇ ನೋಡಬಹುದು: 1099511627776. ಇದರಿಂದ 7 × 157073089682 ಕಳೆದರೆ ಉಳಿಯುವುದು 2. ಶೇಷ 6 ಅಲ್ಲ, 2.

ಆದದ್ದೇನು? ಬಿಡಿ ಅಂಕಿ ಎಂದರೆ 10ರಿಂದ ಭಾಗಿಸಿದಾಗ ಬರುವ ಶೇಷ. ಅದರಿಂದ 10ರ ಅಪವರ್ತನಗಳಾದ 2 ಮತ್ತು 5ರ ಶೇಷವನ್ನೂ ತಿಳಿಯಬಹುದು. 7ರ ಬಗ್ಗೆ ಅದು ಏನೂ ಹೇಳುವುದಿಲ್ಲ. 13, 23, 33 ಮೂರರ ಕೊನೆಯಲ್ಲೂ 3 ಇದೆ, 7ರಿಂದ ಭಾಗಿಸಿದರೆ ಶೇಷಗಳು 6, 2, 5. ಕೊನೆಯ ಎರಡು ಅಂಕಿ ಗೊತ್ತಿದ್ದರೆ 4, 20, 25, 50, 100ರಂಥ ಭಾಜಕಗಳಿಗೆ ಸಾಕು. ಕೊನೆಯ ಮೂರು ಗೊತ್ತಿದ್ದರೆ 8 ಮತ್ತು 125 ಕೂಡ ಕೈಗೆ ಸಿಗುತ್ತವೆ. 3, 7, 9, 11, 13 ಇವು ಯಾವುದಕ್ಕೂ ಕೊನೆಯ ಅಂಕಿಗಳು ಎಷ್ಟಿದ್ದರೂ ಪ್ರಯೋಜನವಿಲ್ಲ.

ಪರಿಹಾರ ನೇರ: ಭಾಜಕ ಯಾವುದೋ ಅದರದೇ ಸುತ್ತು ಬರೆಯಿರಿ. 7ಕ್ಕೆ 2ರ ಘಾತಗಳ ಶೇಷ 2, 4, 1. ಮತ್ತೆ 2. ಸುತ್ತಿನ ಉದ್ದ 3. 40ರಿಂದ 39 ತೆಗೆದರೆ 1 ಉಳಿಯುತ್ತದೆ, ಸುತ್ತಿನ ಮೊದಲನೆಯದು 2.

ಎಚ್ಚರಿಕೆ: ಈ ದೋಷ ಕೆಲವೊಮ್ಮೆ ಸರಿ ಉತ್ತರವನ್ನೇ ಕೊಡುತ್ತದೆ. 2⁵⁰ರ ಬಿಡಿ ಅಂಕಿ 4, 7ರಿಂದ ಭಾಗಿಸಿದಾಗ ಶೇಷವೂ 4. ಇದು ಬರೀ ಕಾಕತಾಳೀಯ. ಒಂದು ಲೆಕ್ಕದಲ್ಲಿ ಉತ್ತರ ಹೊಂದಿತು ಎಂದು ಇದನ್ನೇ ವಿಧಾನ ಎಂದು ನಂಬಿಕೊಂಡವರನ್ನು ಆ ನಂಬಿಕೆಯಿಂದ ಬಿಡಿಸುವುದು ಕಷ್ಟ. ಹಾಗಾಗಿ ವಿಧಾನ ಪರೀಕ್ಷಿಸುವಾಗ ಒಂದಲ್ಲ, ಪಕ್ಕಪಕ್ಕದ ಕೆಲವು ಘಾತಾಂಕಗಳನ್ನು ಇಟ್ಟು ನೋಡಿ.

ಲಕ್ಷಣ: ಕೆಲವು ಘಾತಾಂಕಗಳಿಗೆ ಸರಿ, ಕೆಲವಕ್ಕೆ ಮಾತ್ರ ತಪ್ಪು

ಸುತ್ತು ಸರಿಯಾಗಿದೆ, ಭಾಜಕವೂ ಸರಿ. ಆದರೂ ಆಗೊಮ್ಮೆ ಈಗೊಮ್ಮೆ ಉತ್ತರ ತಪ್ಪುತ್ತದೆ. ತಪ್ಪಿದ ಲೆಕ್ಕಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಘಾತಾಂಕ ಸುತ್ತಿನ ಉದ್ದದಿಂದ ಪೂರ್ತಿ ಭಾಗವಾಗಿರುವಂಥವೇ ಅಲ್ಲಿ ಕಾಣುತ್ತವೆ.

2¹⁰⁰ರ ಬಿಡಿ ಅಂಕಿ ಬೇಕು. 100 ನಾಲ್ಕರಿಂದ ಭಾಗವಾಗಿ 0 ಉಳಿಯಿತು. "2⁰ ಎಂದರೆ 1, ಹಾಗಾಗಿ ಬಿಡಿ ಅಂಕಿ 1" ಎಂದು ಬರೆಯುತ್ತಾರೆ. ಎರಡನ್ನೇ ನೂರು ಸಲ ಗುಣಿಸಿದ ಸಂಖ್ಯೆ ಬೆಸವಾಗಲು ಹೇಗೆ ಸಾಧ್ಯ? 0 ಉಳಿದರೆ ನಿಲ್ಲಬೇಕಾದದ್ದು ಸುತ್ತಿನ ಕೊನೆಯ ಸ್ಥಾನದಲ್ಲಿ. 2, 4, 8, 6ರ ಕೊನೆಯದು 6.

ಈ ತಪ್ಪು ಬಹಳ ದಿನ ಅಡಗಿ ಕೂರಲು ಒಂದು ಕಾರಣವಿದೆ. ಆಧಾರ 3 ಅಥವಾ 7 ಆಗಿದ್ದರೆ ಸುತ್ತಿನ ಕೊನೆಯ ಅಂಕಿಯೂ 1, ಸೊನ್ನೆಯ ಘಾತವೂ 1. ತಪ್ಪು ದಾರಿಯಲ್ಲಿ ಹೋದರೂ ಸರಿ ಊರೇ ಸಿಗುತ್ತದೆ. ಆಧಾರಕ್ಕೂ ಭಾಜಕಕ್ಕೂ ಸಾಮಾನ್ಯ ಅಪವರ್ತನ ಬಂದ ದಿನ ಗುಟ್ಟು ಬಯಲಾಗುತ್ತದೆ.

ಅಂಥ ಜೋಡಿಗಳಲ್ಲಿ ಇನ್ನೊಂದು ತೊಡಕೂ ಇದೆ. 12ಕ್ಕೆ 2ರ ಘಾತಗಳ ಶೇಷ ಬರೆಯಿರಿ: 2, 4, 8, 4, 8, 4, 8… ಇಲ್ಲಿ 2 ಒಮ್ಮೆ ಬಂದು ಹೋಯಿತು, ಮತ್ತೆ ಬರುವುದೇ ಇಲ್ಲ. ಸುತ್ತು ಶುರುವಾಗುವುದು ಎರಡನೆಯದರಿಂದ. "ಮೊದಲ ಸಂಖ್ಯೆ ಮರಳಿ ಬರುವವರೆಗೆ ಬರೆಯಬೇಕು" ಎಂದು ಕಲಿತವರು ಇಲ್ಲಿ ಬರೆಯುತ್ತಲೇ ಕೂರುತ್ತಾರೆ, ಇಲ್ಲವೇ ಬೇಸತ್ತು ಉದ್ದ 3 ಎಂದು ಊಹಿಸುತ್ತಾರೆ. ಹಿಂದೆ ಬಂದಿದ್ದ ಯಾವುದೇ ಸಂಖ್ಯೆ ಮರಳಿ ಬಂದರೂ ಸುತ್ತು ಸಿಕ್ಕಿತು ಎಂದೇ ಅರ್ಥ. ಇಲ್ಲಿ 4 ಮರಳಿ ಬಂತು, ಉದ್ದ 2. 2⁴⁰ ಬೇಕಾದರೆ, ಸುತ್ತಿನ ಹೊರಗೆ ಉಳಿದ ಒಂದನ್ನು ಮೊದಲು ಕಳೆದು 39 ಮಾಡಿಕೊಳ್ಳಿ. 39 ಅನ್ನು 2ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅಂದರೆ ಸುತ್ತಿನ ಮೊದಲನೆಯದು. ಶೇಷ 4.

ಲಕ್ಷಣ: ಭಿನ್ನರಾಶಿ ಸಂಕ್ಷೇಪಿಸಿದ ಮೇಲೆ ಶೇಷ ಕುಗ್ಗಿದೆ

ಅದೇ 2⁴⁰ ÷ 12. ಭಿನ್ನರಾಶಿಯಾಗಿ ಬರೆದು ಮೇಲೆ ಕೆಳಗೆ 4 ಹೊಡೆದು ಹಾಕಿದರೆ 2³⁸ ÷ 3. 3ಕ್ಕೆ 2 ಎಂದರೆ −1, ಸಮ ಘಾತ, ಶೇಷ 1. ಆದರೆ ಈಗಷ್ಟೇ 4 ಬಂದಿತ್ತು.

ಹೊಡೆದು ಹಾಕಿದ್ದು ತಪ್ಪಲ್ಲ. ಹೊಡೆದು ಹಾಕಿದರೆ ಭಾಗಲಬ್ಧ ಬದಲಾಗುವುದಿಲ್ಲ, ಶೇಷ ಮಾತ್ರ ಅಷ್ಟೇ ಪಾಲು ಚಿಕ್ಕದಾಗುತ್ತದೆ. ಕೊನೆಯಲ್ಲಿ ಅದೇ 4ರಿಂದ ಗುಣಿಸಿದರೆ 1 × 4 = 4. ಗುಣಿಸಿ ಹಿಂದಿರುಗಿಸುವುದನ್ನು ಮರೆಯದಿದ್ದರೆ ಇದು ಬಹಳ ವೇಗದ ದಾರಿ. ಮರೆತಿರಿ ಎಂದು ತಿಳಿಯಲು ಮೊದಲ ತಪಾಸಣೆಯೇ ಸಾಕು: 2ಕ್ಕೂ 12ಕ್ಕೂ ಸಾಮಾನ್ಯ ಅಪವರ್ತನ 2 ಇರುವಾಗ ಶೇಷ ಬೆಸವಾಗಿ 1 ಹೇಗೆ ಬಂತು?

ಲಕ್ಷಣ: ಸುತ್ತು ಮುಗಿಯುತ್ತಲೇ ಇಲ್ಲ, ಅಥವಾ ಉದ್ದ ವಿಚಿತ್ರವಾಗಿದೆ

7ರಿಂದ ಭಾಗಿಸಿದರೆ ಬರಬಹುದಾದ ಶೇಷಗಳು 0ಯಿಂದ 6ರವರೆಗೆ ಏಳೇ. ಎಂಟನೆಯ ಹೆಜ್ಜೆಯೊಳಗೆ ಯಾವುದಾದರೂ ಒಂದು ಮರಳಿ ಬರಲೇಬೇಕು. ಒಂಬತ್ತು ಹತ್ತು ಬರೆದರೂ ಸುತ್ತು ಕಾಣಲಿಲ್ಲವೆಂದರೆ ಹುಡುಕುವುದನ್ನು ನಿಲ್ಲಿಸಿ. ಸುತ್ತು ಇಲ್ಲದೆ ಹೋಗಿಲ್ಲ, ಮಧ್ಯೆ ಎಲ್ಲೋ ಭಾಗಾಕಾರ ತಪ್ಪಿದೆ.

ಅದಕ್ಕಿಂತ ಸೂಕ್ಷ್ಮವಾದದ್ದು ಸುತ್ತು ಸಿಕ್ಕಿದ ಮೇಲೂ ಅದರ ಉದ್ದ ನೋಡಿ ತಪ್ಪು ಹಿಡಿಯುವುದು. ಒಬ್ಬರು 3ರ ಘಾತಗಳನ್ನು 7ಕ್ಕೆ ಹೀಗೆ ಬರೆದರು ಎನ್ನಿ: 3, 2, 6, 5, 1. ಉದ್ದ 5. ನೋಡಲು ಅಚ್ಚುಕಟ್ಟಾಗಿದೆ, 1ಕ್ಕೆ ಬಂದು ಮುಗಿದಿದೆ, ಅನುಮಾನ ಬರುವಂಥದ್ದೇನೂ ಇಲ್ಲ. ಆದರೆ ಭಾಜಕ ಅವಿಭಾಜ್ಯ ಸಂಖ್ಯೆಯಾಗಿದ್ದರೆ ಸುತ್ತಿನ ಉದ್ದ, ಭಾಜಕದಲ್ಲಿ ಒಂದು ಕಳೆದು ಬರುವ ಸಂಖ್ಯೆಯನ್ನು ಭಾಗಿಸಲೇಬೇಕು. 7ಕ್ಕೆ ಆ ಸಂಖ್ಯೆ 6. ಹಾಗಾಗಿ ಉದ್ದ 1, 2, 3 ಅಥವಾ 6 ಮಾತ್ರ ಆಗಬಹುದು. 5 ಆಗುವಂತಿಲ್ಲ. ಪಟ್ಟಿಯನ್ನು ಒಂದೊಂದೇ ಹೆಜ್ಜೆ ನೋಡಿ. 3 × 3 = 9, ಶೇಷ 2, ಸರಿ. 2 × 3 = 6, ಸರಿ. 6 × 3 = 18, ಅದರಲ್ಲಿ 14 ಹೋದರೆ 4. ಅವರು 5 ಬರೆದಿದ್ದಾರೆ. ಇಲ್ಲೇ ಬಿತ್ತು. ಸರಿಯಾದ ಸುತ್ತು 3, 2, 6, 4, 5, 1, ಉದ್ದ 6.

11ಕ್ಕೆ ಒಪ್ಪುವ ಉದ್ದಗಳು 1, 2, 5, 10. 13ಕ್ಕೆ 1, 2, 3, 4, 6, 12. ಇವನ್ನು ಬಾಯಿಪಾಠ ಮಾಡಬೇಕಿಲ್ಲ, ಒಂದು ಕಡಿಮೆ ಮಾಡಿ ಅದರ ಅಪವರ್ತನಗಳನ್ನು ನೆನೆದರೆ ಸಾಕು.

ಇದರ ಹಿಂದೆ ಇರುವುದು ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದ ಪ್ರಮೇಯ: ಅವಿಭಾಜ್ಯ p ಯಿಂದ ಭಾಗವಾಗದ ಯಾವ ಸಂಖ್ಯೆಯನ್ನಾದರೂ p − 1 ಘಾತಕ್ಕೆ ಏರಿಸಿದರೆ ಶೇಷ 1. ಇದನ್ನು ಅಡ್ಡದಾರಿಯಾಗಿ ಬಳಸುವವರು ಒಂದು ಮಾತು ಮರೆಯುತ್ತಾರೆ, p ಅವಿಭಾಜ್ಯವಾಗಿರಬೇಕು. 9ಕ್ಕೆ ಇದನ್ನು ಹಚ್ಚಿ 2⁸ರ ಶೇಷ 1 ಎಂದರೆ ತಪ್ಪು. 2⁸ ಎಂದರೆ 256, ಅದರಲ್ಲಿ 252 ಹೋಗಿ 4 ಉಳಿಯುತ್ತದೆ. ಅವಿಭಾಜ್ಯವಲ್ಲದ ಭಾಜಕಗಳಿಗೆ ಆಯ್ಲರ್ ಮುಂದೆ ಇದನ್ನು ವಿಸ್ತರಿಸಿದ. ಭಾಜಕಕ್ಕಿಂತ ಕಡಿಮೆ ಇದ್ದು ಅದರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳನ್ನು ಎಣಿಸಬೇಕು. 9ಕ್ಕೆ ಅವು 1, 2, 4, 5, 7, 8. ಒಟ್ಟು ಆರು. 2ರ ಸುತ್ತೂ 2, 4, 8, 7, 5, 1 ಎಂದು ಆರಕ್ಕೇ ಮುಗಿಯುತ್ತದೆ. ಆಧಾರಕ್ಕೂ ಭಾಜಕಕ್ಕೂ ಸಾಮಾನ್ಯ ಅಪವರ್ತನ ಇದ್ದರೆ ಈ ಎರಡೂ ಪ್ರಮೇಯಗಳನ್ನು ಬಳಸುವಂತಿಲ್ಲ.

ಲಕ್ಷಣ: ಭಾಜಕವನ್ನು ಒಡೆದ ಮೇಲೆ ಒಂದಕ್ಕಿಂತ ಹೆಚ್ಚು ಉತ್ತರ ಹೊಂದುತ್ತಿವೆ

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. 45ಕ್ಕೆ 38ರ ಘಾತಗಳನ್ನು ನೇರವಾಗಿ ಬರೆಯುತ್ತಾ ಹೋಗಬಹುದು, ಆದರೆ ಗುಣಾಕಾರ ಭಾರ. 45 ಅನ್ನು ಒಡೆದರೆ ಭಾಜ್ಯತೆಯ ನಿಯಮಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ.

ಒಬ್ಬರು 45 ಅನ್ನು 3 × 15 ಎಂದು ಒಡೆದರು ಎನ್ನಿ. 15ಕ್ಕೆ 38 ಎಂದರೆ 8. ಸುತ್ತು 8, 4, 2, 1. 77ರಲ್ಲಿ 76 ಹೋಗಿ 1 ಉಳಿದರೆ ಶೇಷ 8. 3ಕ್ಕೆ 38 ಎಂದರೆ 2, ಬೆಸ ಘಾತ, ಶೇಷ 2. ಈಗ 15ರಿಂದ ಭಾಗಿಸಿದರೆ 8, 3ರಿಂದ ಭಾಗಿಸಿದರೆ 2 ಉಳಿಸುವ, 45ಕ್ಕಿಂತ ಕಡಿಮೆ ಇರುವ ಸಂಖ್ಯೆ ಹುಡುಕಿ. 8 ಹೊಂದುತ್ತದೆ. 23 ಹೊಂದುತ್ತದೆ. 38ಕ್ಕೂ ಅಡ್ಡಿಯಿಲ್ಲ. ಮೊದಲು ಕಣ್ಣಿಗೆ ಬಿದ್ದ 8 ಅನ್ನೇ ಬರೆದು ಮುಂದೆ ಹೋದರೆ ತಪ್ಪು.

ಮೂರು ಉತ್ತರ ಹೊಂದುತ್ತಿವೆ ಎಂದರೆ ಒಡೆದ ಭಾಗಗಳ ನಡುವೆ ಸಾಮಾನ್ಯ ಅಪವರ್ತನ ಉಳಿದಿದೆ ಎಂದರ್ಥ. 15ರ ಒಳಗೆ 3 ಆಗಲೇ ಇದೆ, ಎರಡನೇ ಭಾಗ ಹೊಸದಾಗಿ ಏನನ್ನೂ ಹೇಳಲಿಲ್ಲ. 45 ಅನ್ನು 5 × 9 ಎಂದೇ ಒಡೆಯಬೇಕು. ಹೀಗೆಯೇ 36 ಅನ್ನು 4 × 9 ಎಂದು, 72 ಅನ್ನು 8 × 9 ಎಂದು ಒಡೆಯಿರಿ. 6 × 6 ಅಥವಾ 6 × 12 ಬೇಡ.

5ರ ಕಡೆಯಿಂದ ಶುರು ಮಾಡೋಣ. ಇಲ್ಲಿ ಬಿಡಿ ಅಂಕಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. 38ರ ಬಿಡಿ ಅಂಕಿ 8, ಅದರ ಸುತ್ತು 8, 4, 2, 6. 77 ನಾಲ್ಕರಿಂದ ಭಾಗಿಸಿದಾಗ 1 ಉಳಿಯುತ್ತದೆ, 38⁷⁷ರ ಕೊನೆಯ ಅಂಕಿ 8. 5ರಿಂದ ಭಾಗಿಸಿದರೆ ಶೇಷ 3.

9ರ ಕಡೆ ಅಂಕಿಗಳ ಮೊತ್ತ ನೋಡಿ. 3 + 8 = 11, 1 + 1 = 2. ಅಂದರೆ 9ಕ್ಕೆ 38 ಮತ್ತು 2 ಒಂದೇ. ಅಂಕಿಗಳ ಮೊತ್ತ 9ರಿಂದ ಭಾಗವಾಗುತ್ತದೋ ಇಲ್ಲವೋ ಎಂದಷ್ಟೇ ಅಲ್ಲ, ಶೇಷ ಎಷ್ಟು ಎಂದೂ ಹೇಳುತ್ತದೆ. ಈ ಎರಡನೇ ಉಪಯೋಗವನ್ನು ಪಠ್ಯದಲ್ಲಿ ಓದಿಯೂ ಬಹಳ ಜನ ಬಳಸುವುದಿಲ್ಲ. 2ರ ಸುತ್ತು ಮೇಲೆಯೇ ಬಂದಿದೆ: 2, 4, 8, 7, 5, 1. 77ರಲ್ಲಿ 72 ಹೋಗಿ 5 ಉಳಿಯುತ್ತದೆ, ಐದನೆಯದು 5.

9ರಿಂದ ಭಾಗಿಸಿದರೆ 5 ಉಳಿಸುವ ಸಂಖ್ಯೆಗಳು 5, 14, 23, 32, 41. ಇವುಗಳಲ್ಲಿ 5ರಿಂದ ಭಾಗಿಸಿದಾಗ 3 ಉಳಿಸುವುದು 23 ಒಂದೇ. ಉತ್ತರ 23.

ಗಮನಿಸಿ, ಎರಡು ಭಾಗಗಳಿಗೆ ಎರಡು ಬೇರೆ ಸುತ್ತು, ಒಂದರ ಉದ್ದ 4, ಇನ್ನೊಂದರದು 6. 77 ಅನ್ನು ಎರಡಕ್ಕೂ 4ರಿಂದಲೇ ಭಾಗಿಸಿ ಮುಗಿಸುವ ಆತುರದಲ್ಲಿ 9ರ ಕಡೆ 2 ಬರೆದರೆ ಉತ್ತರ 38 ಬರುತ್ತದೆ. ಆಯ್ಕೆಗಳಲ್ಲಿ ಆ 38 ಇದ್ದೇ ಇರುತ್ತದೆ ಎಂದುಕೊಳ್ಳಿ.

11ರ ನಿಯಮ ಬಳಸುವಾಗ ಒಂದು ಎಚ್ಚರಿಕೆ. ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ ಕಳೆಯುವಾಗ ಬಿಡಿ ಸ್ಥಾನದಿಂದ ಎಡಕ್ಕೆ ಹೋಗಬೇಕು. 38ಕ್ಕೆ 8 − 3 = 5, ಸರಿಯಾದ ಶೇಷ. ಎಡದಿಂದ ಶುರು ಮಾಡಿ 3 − 8 = −5 ಮಾಡಿದರೆ ಶೇಷ 6 ಎಂದಾಗುತ್ತದೆ. ಭಾಗವಾಗುತ್ತದೋ ಇಲ್ಲವೋ ಎಂದಷ್ಟೇ ಕೇಳಿದಾಗ ದಿಕ್ಕು ಮುಖ್ಯವಲ್ಲ, ಹಾಗಾಗಿಯೇ ಈ ತಪ್ಪು ರೂಢಿಯಾಗಿಬಿಡುತ್ತದೆ.

ಲಕ್ಷಣ: ಘಾತದ ಮೇಲೆ ಘಾತ ಬಂದರೆ ಉತ್ತರ ಹೊಂದುವುದಿಲ್ಲ

7^(7⁷)ರ ಬಿಡಿ ಅಂಕಿ ಎಷ್ಟು? ಇಲ್ಲಿ ಎರಡು ಬೇರೆ ಬೇರೆ ದೋಷಗಳು ನುಸುಳುತ್ತವೆ.

ಒಂದು, ಕೆಳಗಿನಿಂದ ಮೇಲಕ್ಕೆ ಬಿಡಿಸುವುದು. (7⁷)⁷ ಎಂದರೆ 7⁴⁹, ಅದರ ಬಿಡಿ ಅಂಕಿ 7. ಆದರೆ ಪ್ರಶ್ನೆಯಲ್ಲಿ ಘಾತಾಂಕವೇ 7⁷, ಅಂದರೆ 823543. ಆವರಣ ಹಾಕದ ಘಾತಗಳ ಗೋಪುರವನ್ನು ಗಣಿತದಲ್ಲಿ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾರೆ.

ಎರಡನೆಯದು ಇನ್ನೂ ಕಳ್ಳ ದೋಷ. ಬಿಡಿ ಅಂಕಿ ತಾನೆ ಬೇಕಾದದ್ದು, ಘಾತಾಂಕದಲ್ಲೂ ಬಿಡಿ ಅಂಕಿಯನ್ನಷ್ಟೇ ಇಟ್ಟುಕೊಂಡರಾಯಿತು ಎಂದು 823543ರ ಬದಲು 3 ಇಡುತ್ತಾರೆ. 7³ = 343, ಬಿಡಿ ಅಂಕಿ 3. ಉತ್ತರ ಸರಿ! ದಾರಿ ಮಾತ್ರ ತಪ್ಪು. 3¹⁶ರಲ್ಲಿ ಇದನ್ನೇ ಮಾಡಿ ನೋಡಿ. 16ರ ಬದಲು 6 ಇಟ್ಟರೆ 3⁶ = 729, ಬಿಡಿ ಅಂಕಿ 9. ನಿಜವಾದ 3¹⁶ ಎಂದರೆ 43046721, ಬಿಡಿ ಅಂಕಿ 1.

ಆಧಾರವನ್ನು ಕುಗ್ಗಿಸಲು ಭಾಜಕ ಬಳಸಿ, ಘಾತಾಂಕವನ್ನು ಕುಗ್ಗಿಸಲು ಸುತ್ತಿನ ಉದ್ದ ಬಳಸಿ. 7ರ ಬಿಡಿ ಅಂಕಿಗಳ ಸುತ್ತು 7, 9, 3, 1, ಉದ್ದ 4. ಹಾಗಾಗಿ ತಿಳಿಯಬೇಕಾದದ್ದು 7⁷ ಅನ್ನು 4ರಿಂದ ಭಾಗಿಸಿದಾಗ ಏನು ಉಳಿಯುತ್ತದೆ ಎಂದು. 4ಕ್ಕೆ 7 ಎಂದರೆ −1, ಬೆಸ ಘಾತಕ್ಕೆ −1, ಅಂದರೆ 3. ಸುತ್ತಿನ ಮೂರನೆಯದು 3. ಈ ದಾರಿಯಲ್ಲಿ ಬಂದರೆ ಕೊನೆಯ ಎರಡು ಅಂಕಿಗಳೂ ಪುಕ್ಕಟೆ ಸಿಗುತ್ತವೆ. 7⁴ = 2401, ಕೊನೆಗೆ 01. 100ಕ್ಕೂ ಸುತ್ತಿನ ಉದ್ದ 4 ಎಂದಾಯಿತು, ಉತ್ತರ 343ರ 43.

ಪ್ರಶ್ನೆ ಪತ್ರಿಕೆಯಲ್ಲಿ ಘಾತಗಳು ಒಂದೇ ಸಾಲಿನಲ್ಲಿ ಅಚ್ಚಾಗಿ, ಯಾವುದು ಯಾವುದರ ಮೇಲಿದೆ ಎಂದು ತಿಳಿಯದಿದ್ದರೆ ಲೆಕ್ಕ ಮುಂದುವರಿಸಬೇಡಿ. ಕೊಟ್ಟವರನ್ನೇ ಕೇಳಿ.

ಲಕ್ಷಣ: ಯಂತ್ರ ಒಂದು ಹೇಳುತ್ತದೆ, ನಿಮ್ಮ ಕಾಗದ ಇನ್ನೊಂದು ಹೇಳುತ್ತದೆ

ಕಾಗದವೇ ತಪ್ಪಿರಬೇಕು ಎಂದು ಹೊಡೆದು ಹಾಕುವ ಮೊದಲು ಯಂತ್ರದ ಉತ್ತರಕ್ಕೂ ಭಾಜ್ಯತೆಯ ನಿಯಮ ಹಚ್ಚಿ. ಎಕ್ಸೆಲ್‌ನಲ್ಲಿ 3⁴⁰ ಕೇಳಿ, ಎಲ್ಲ ಅಂಕಿ ತೋರಿಸು ಎಂದರೆ 12157665459056900000 ಎಂದು ತೋರಿಸುತ್ತದೆ. ಕೊನೆಯಲ್ಲಿ ಸೊನ್ನೆಗಳಿವೆ, ಆದರೆ ಮೂರರ ಘಾತ 10ರಿಂದ ಭಾಗವಾಗುವುದೇ ಇಲ್ಲ. ಅಂಕಿಗಳ ಮೊತ್ತ 71, 9ರಿಂದಲೂ ಭಾಗವಾಗುವುದಿಲ್ಲ. ಎಕ್ಸೆಲ್ ಮೊದಲ 15 ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆ ಸೊನ್ನೆ ತುಂಬುತ್ತದೆ. ನಿಜವಾದ ಸಂಖ್ಯೆ 12157665459056928801, ಮೊತ್ತ 90. ಶೇಷದ ಲೆಕ್ಕದಲ್ಲಿ ಬೇಕಾದದ್ದು ಆ ಕೊನೆಯ ಅಂಕಿಗಳೇ, ಯಂತ್ರ ಎಸೆದದ್ದೂ ಅವನ್ನೇ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ E ಅಕ್ಷರ ಕಂಡರೂ ಇದೇ ಕಥೆ. ಇನ್ನೊಂದು ಸಂಗತಿ, ಎಕ್ಸೆಲ್ `=7^7^7` ಅನ್ನು ಎಡದಿಂದ ಬಲಕ್ಕೆ ಬಿಡಿಸುತ್ತದೆ. ಗೋಪುರಕ್ಕೆ ಆವರಣ ನೀವೇ ಹಾಕಬೇಕು.

ಪೈಥಾನ್ ಪೂರ್ಣಾಂಕಗಳ ಒಂದು ಅಂಕಿಯನ್ನೂ ಬಿಡುವುದಿಲ್ಲ. ಹೀಗೆ ಕೇಳಿ:

```python
pow(38, 77, 45)   # 23
```

ಆದರೆ ಪೈಥಾನ್‌ನಲ್ಲಿ `^` ಘಾತದ ಚಿಹ್ನೆಯಲ್ಲ. `7^4` ಎಂದು ಬರೆದರೆ ದೋಷವನ್ನೂ ತೋರಿಸದೆ 3 ಎಂದು ಉತ್ತರಿಸುತ್ತದೆ. ಘಾತಕ್ಕೆ `**` ಬಳಸಬೇಕು.

ಸುತ್ತು ಬಿಟ್ಟು ಬೇರೆ ದಾರಿ ಹಿಡಿಯಬೇಕಾದಾಗ

ಇಪ್ಪತ್ತು ಹೆಜ್ಜೆ ಬರೆದರೂ ಸುತ್ತು ಮುಗಿಯದಷ್ಟು ಭಾಜಕ ದೊಡ್ಡದಾಗಿದ್ದರೆ, ಅಥವಾ ಎರಡು ದಾರಿಯಲ್ಲಿ ಎರಡು ಉತ್ತರ ಬಂದು ತೀರ್ಪು ಬೇಕಾದರೆ, ಮತ್ತೆ ಮತ್ತೆ ವರ್ಗ ಮಾಡುವ ವಿಧಾನ ಹಿಡಿಯಿರಿ. ಅದಕ್ಕೆ ಸುತ್ತಿನ ಉದ್ದ ಗೊತ್ತಿರಬೇಕಿಲ್ಲ.

77 ಎಂದರೆ 64 + 8 + 4 + 1. 45ಕ್ಕೆ 38 ಎಂದರೆ −7. ವರ್ಗ 49, ಶೇಷ 4. ನಾಲ್ಕನೇ ಘಾತ 16. ಎಂಟನೆಯದು 256, ಅಂದರೆ 31. ಹದಿನಾರನೆಯದು 961, ಅಂದರೆ 16. ಮೂವತ್ತೆರಡನೆಯದು ಮತ್ತೆ 31, ಅರವತ್ನಾಲ್ಕನೆಯದು ಮತ್ತೆ 16. ಈಗ 64, 8, 4, 1ಕ್ಕೆ ಸೇರಿದವನ್ನು ಗುಣಿಸಿ. 16 × 31 = 496, ಶೇಷ 1. ಅದಕ್ಕೆ 16, ನಂತರ −7. 16 × −7 = −112, ಮೂರು 45 ಕೂಡಿದರೆ 23. ಒಡೆದು ಮಾಡಿದ ಲೆಕ್ಕಕ್ಕೂ ಇದಕ್ಕೂ ಯಾವ ಹೆಜ್ಜೆಯೂ ಒಂದಲ್ಲ, ಉತ್ತರ ಒಂದೇ. ಇಲ್ಲಿಯೂ ಹೊಂದದಿದ್ದರೆ ನಿಮ್ಮ ಎರಡೂ ಹಾಳೆಗಳನ್ನು ಗೊತ್ತಿರುವ ಇನ್ನೊಬ್ಬರ ಕೈಗೆ ಕೊಡಿ. ತಾನೇ ಬರೆದ 18 − 14 = 5 ತನ್ನ ಕಣ್ಣಿಗೆ ಎಷ್ಟು ಸಲ ನೋಡಿದರೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಈ ವಿಧಾನಕ್ಕೂ ಒಂದು ಎಲ್ಲೆ ಇದೆ. ಘಾತಾಂಕವನ್ನು ಅಂಕಿಗಳಲ್ಲಿ ಬರೆಯಲು ಆಗುವವರೆಗೆ ಮಾತ್ರ ಅದು ನಡೆಯುತ್ತದೆ. ಘಾತಾಂಕವೇ ಬರೆಯಲಾಗದಷ್ಟು ಎತ್ತರದ ಗೋಪುರವಾದರೆ ಸುತ್ತಿನ ಉದ್ದ ಬೇಕೇ ಬೇಕು, ಅದಕ್ಕೆ ಭಾಜಕದ ಅಪವರ್ತನಗಳು ಗೊತ್ತಿರಬೇಕು. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ ಭಾಜಕ ಮಾಡಿ, ಆ ಎರಡನ್ನು ಮುಚ್ಚಿಟ್ಟರೆ, ಸುತ್ತಿನ ಉದ್ದ ಕಂಡುಹಿಡಿಯುವ ಸುಲಭದ ದಾರಿ ಇಂದಿಗೂ ಯಾರಿಗೂ ಸಿಕ್ಕಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಈ ಕಷ್ಟದ ಮೇಲೆಯೇ. ಅಂಥ ಭಾಜಕದ ಮೇಲೆ ಗೋಪುರ ಇಟ್ಟು ಶೇಷ ಕೇಳಿದ್ದರೆ ತಪ್ಪು ನಿಮ್ಮ ಲೆಕ್ಕದಲ್ಲಿಲ್ಲ, ಪೆನ್ನು ಕೆಳಗಿಡಿ.